ಚೀಟಿ ಎತ್ತೋ ಮುಂಚೆ ಒಂದು ಕಾಲಂ ಬರೀರಿ

ಫೀಸ್ ಕಟ್ಟೋ ತಿಂಗಳು ಬಂತು ಅಂದ್ರೆ ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಕೇಳಿಬರೋ ಮಾತು ಒಂದೇ: "ಈ ಸಲ ಚೀಟಿ ಎತ್ತಿಬಿಡೋಣ." ಆಮೇಲೆ ಯಾರೂ ಆ ಚೀಟಿ ಬಗ್ಗೆ ಮಾತಾಡಲ್ಲ. ದುಡ್ಡು ಬಂತು, ಫೀಸ್ ಕಟ್ಟಾಯ್ತು, ಉಳಿದ ಕಂತು ತಿಂಗಳು ತಿಂಗಳು ಹೋಗ್ತಾ ಇರುತ್ತೆ. ಆ ದುಡ್ಡಿಗೆ ಎಷ್ಟು ಬಡ್ಡಿ ಬಿತ್ತು ಅಂತ ಕೇಳಿದ್ರೆ "ಚೀಟಿಗೆ ಎಲ್ಲಿಯ ಬಡ್ಡಿ, ಅದು ನಮ್ಮದೇ ದುಡ್ಡಲ್ವಾ" ಅನ್ನೋ ಉತ್ತರ ಬರುತ್ತೆ.

ನನ್ನ ಅಭಿಪ್ರಾಯ ಇಷ್ಟೇ. ಚೀಟಿಗೆ ಖಂಡಿತ ಬಡ್ಡಿ ಇದೆ, ಆದರೆ ಒಂದೇ ಬಡ್ಡಿ ಇಲ್ಲ. ಅದೇ ಚೀಟಿಯಲ್ಲಿ ಅದೇ ಕಂತು ಕಟ್ಟೋ ಇಪ್ಪತ್ತು ಜನರಿಗೆ ಇಪ್ಪತ್ತು ಬೇರೆ ಬೇರೆ ಲೆಕ್ಕ ಬರುತ್ತೆ. ಆ ಲೆಕ್ಕ ಹಾಕೋಕೆ ಬೇಕಾಗಿರೋದು ಚೀಟಿ ಪುಸ್ತಕ ಮತ್ತು ಒಂದು ಕಾಲಂ ಸ್ಪ್ರೆಡ್‌ಶೀಟ್. ಮೊದಲ ವರ್ಷದ ಗಣಿತದಲ್ಲಿ ಸಮೀಕರಣದ ರೂಟ್ ಹುಡುಕೋದು ಕಲಿತವರು ಇದನ್ನ ಮನೆಯವರಿಗೆ ಮಾಡಿಕೊಡದೇ ಇದ್ರೆ ಇನ್ಯಾರು ಮಾಡಿಕೊಡಬೇಕು?

ಒಂದು ಚೀಟಿ

ಲೆಕ್ಕಕ್ಕೆ ಸುಲಭ ಆಗೋ ಹಾಗೆ ಒಂದು ಲಕ್ಷದ ಚೀಟಿ ತಗೊಳ್ಳೋಣ. 20 ಜನ, 20 ತಿಂಗಳು, ಕಂತು 5,000. ಪ್ರತಿ ತಿಂಗಳು ಕೂಗ್ತಾರೆ. ಯಾರು ಹೆಚ್ಚು ಹಣ ಬಿಟ್ಟುಕೊಡೋಕೆ ಒಪ್ತಾರೋ ಅವರಿಗೆ ಆ ತಿಂಗಳ ಚೀಟಿ. ಬಿಟ್ಟುಕೊಟ್ಟ ಹಣದಲ್ಲಿ ಚೀಟಿ ನಡೆಸೋರು ತಮ್ಮ ಕಮಿಷನ್ 5,000 ಇಟ್ಕೊಂಡು, ಮಿಕ್ಕಿದ್ದನ್ನ 20 ಜನರಿಗೂ ಸಮನಾಗಿ ಹಂಚ್ತಾರೆ. ಆ ಪಾಲನ್ನೇ ನಾವು ಲಾಭ ಅನ್ನೋದು. ಅದು ಕೈಗೆ ಬರಲ್ಲ, ಅದೇ ತಿಂಗಳ ಕಂತಲ್ಲಿ ಕಳೆದುಕೊಂಡು ಕಟ್ತೀವಿ.

ಮೊದಲ ತಿಂಗಳು ಕೂಗಲ್ಲ, ಚೀಟಿ ನಡೆಸೋರೇ ಪೂರ್ತಿ ಒಂದು ಲಕ್ಷ ತಗೊಳ್ತಾರೆ. ಇದು ತುಂಬ ಕಡೆ ಇರೋ ಪದ್ಧತಿ. ಅವರೂ ಇಪ್ಪತ್ತರಲ್ಲಿ ಒಬ್ಬ ಸದಸ್ಯರಾಗಿ ಕಂತು ಕಟ್ತಾ ಹೋಗ್ತಾರೆ. ಉಳಿದ ತಿಂಗಳುಗಳ ಕಥೆ ಹೀಗಿದೆ ಅಂತ ಇಟ್ಕೊಳ್ಳಿ:

| ತಿಂಗಳು | ಬಿಟ್ಟುಕೊಟ್ಟ ಹಣ | ಎತ್ತಿದವರಿಗೆ | ಒಬ್ಬೊಬ್ಬರ ಲಾಭ | ಕಟ್ಟೋ ಕಂತು |
|---|---|---|---|---|
| 1 | 0 | 1,00,000 | 0 | 5,000 |
| 2–6 | 30,000 | 70,000 | 1,250 | 3,750 |
| 7–11 | 20,000 | 80,000 | 750 | 4,250 |
| 12–16 | 12,000 | 88,000 | 350 | 4,650 |
| 17–20 | 5,000 | 95,000 | 0 | 5,000 |

ನಿಜವಾದ ಚೀಟಿಯಲ್ಲಿ ಕೂಗು ಇಷ್ಟು ನೀಟಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಲ್ಲ. ಆದರೆ ಆಕಾರ ಇದೇ. ಮೊದಲ ತಿಂಗಳುಗಳಲ್ಲಿ ದುಡ್ಡಿನ ಅವಸರ ಇರೋರು ಪೈಪೋಟಿ ಮಾಡ್ತಾರೆ, ಹಾಗಾಗಿ ಜಾಸ್ತಿ ಬಿಟ್ಟುಕೊಡ್ತಾರೆ. ಕೊನೇ ತಿಂಗಳಿಗೆ ಉಳಿಯೋದು ಒಬ್ಬರೇ, ಕೂಗೋಕೆ ಯಾರೂ ಇಲ್ಲ, ಕಮಿಷನ್ ಮಾತ್ರ ಹೋಗುತ್ತೆ.

ಟೇಬಲ್ ಸರಿ ಇದೆಯಾ ಅಂತ ಮೊದಲು ನೋಡಬೇಕು. ಎರಡನೇ ತಿಂಗಳು 20 ಜನ 3,750 ಕಟ್ಟಿದ್ರೆ 75,000. ಎತ್ತಿದವರಿಗೆ 70,000, ಕಮಿಷನ್ 5,000. ಬಂದಿದ್ದು ಹೋಗಿದ್ದು ಸಮ. ನಿಮ್ಮ ಮನೆಯ ಚೀಟಿ ಪುಸ್ತಕದಲ್ಲೂ ಒಂದು ತಿಂಗಳಿಗೆ ಈ ಪರೀಕ್ಷೆ ಮಾಡಿ. ಸಮ ಬರದಿದ್ರೆ ಒಂದೋ ಲಾಭ ಮುಂದಿನ ತಿಂಗಳ ಕಂತಲ್ಲಿ ಕಳೀತಿದ್ದಾರೆ, ಇಲ್ಲ ನಿಮಗೆ ಹೇಳದ ಇನ್ನೊಂದು ಕಡಿತ ಇದೆ. ಎರಡೂ ದರವನ್ನ ಬದಲಾಯಿಸುತ್ತೆ.

ಯಾರೇ ಯಾವಾಗ ಎತ್ತಲಿ, 20 ತಿಂಗಳಲ್ಲಿ ಕಟ್ಟೋ ಒಟ್ಟು ಹಣ 88,250. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕೊನೇವರೆಗೂ ಕಾದವರು

ಈ ಚೀಟಿಯಲ್ಲಿ ಹೂವಿನಂಗಡಿ ಅಕ್ಕ ಒಬ್ಬರು ಇದ್ದಾರೆ ಅಂದುಕೊಳ್ಳಿ. ಅವರಿಗೆ ಅವಸರ ಇಲ್ಲ, ಇಪ್ಪತ್ತನೇ ತಿಂಗಳು ಎತ್ತುತ್ತಾರೆ. ಕಟ್ಟಿದ್ದು 88,250, ಬಂದಿದ್ದು 95,000, ಉಳಿದಿದ್ದು 6,750.

ಇಲ್ಲಿ ಎರಡು ಥರ ತಪ್ಪು ಲೆಕ್ಕ ಕೇಳಿಬರುತ್ತೆ. ಚೀಟಿಗೆ ಜನ ಸೇರಿಸೋರು ಹೇಳೋದು, "ನೋಡಿ, 5,000 ಕಂತಿಗೆ 1,250 ಲಾಭ, 25 ಪರ್ಸೆಂಟ್!" ಇದು ಆ ಒಂದು ತಿಂಗಳ ರಿಯಾಯ್ತಿ ಮಾತ್ರ, ಬಡ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಬಡ್ಡಿ ಅಂದ್ರೆ ದುಡ್ಡು ಎಷ್ಟು ಕಾಲ ಕೂತಿತ್ತು ಅನ್ನೋದು ಅದರಲ್ಲಿ ಬರಲೇಬೇಕು. ಇನ್ನೊಂದು ಕಡೆ, ಚೀಟಿ ಇಷ್ಟ ಇಲ್ಲದ ಮಾವಂದಿರು ಹೇಳೋದು, "88,250ಕ್ಕೆ 6,750 ಅಂದ್ರೆ ಏಳೂವರೆ ಪರ್ಸೆಂಟ್, ಅದೂ 20 ತಿಂಗಳಿಗೆ. ವರ್ಷಕ್ಕೆ ನಾಲ್ಕೂವರೆ ಹತ್ತಿರ ಅಷ್ಟೇ ಬೀಳೋದು." ಇದೂ ತಪ್ಪೇ. ಅಕ್ಕ 88,250 ರೂಪಾಯಿಯನ್ನ ಮೊದಲ ದಿನವೇ ಕೊಟ್ಟಿಲ್ಲ. ಮೊದಲ ಕಂತು 19 ತಿಂಗಳು ದುಡಿದಿದೆ, ಕೊನೇ ಕಂತು ಒಂದು ದಿನವೂ ದುಡಿದಿಲ್ಲ.

ಪೆನ್ನು ಪೇಪರಲ್ಲೇ ಇದನ್ನ ಸರಿಪಡಿಸಬಹುದು. ಪ್ರತಿ ಕಂತನ್ನೂ ಅದು ಎಷ್ಟು ತಿಂಗಳು ಹೊರಗಿತ್ತೋ ಅಷ್ಟರಿಂದ ಗುಣಿಸಿ. ಮೊದಲ ಕಂತು 5,000 × 19, ಎರಡನೇದು 3,750 × 18, ಹೀಗೆ. ಎಲ್ಲ ಕೂಡಿದ್ರೆ 7,98,250 ಬರುತ್ತೆ. ಇದು "ರೂಪಾಯಿ-ತಿಂಗಳು": ಒಂದು ರೂಪಾಯಿ ಒಂದು ತಿಂಗಳು ಕೂತಿದ್ದು ಎಷ್ಟು ಸಲ ಅನ್ನೋ ಲೆಕ್ಕ. 6,750ನ್ನ 7,98,250ರಿಂದ ಭಾಗಿಸಿದ್ರೆ ತಿಂಗಳಿಗೆ 0.85 ಪರ್ಸೆಂಟ್. ಅಂದ್ರೆ ನೂರಕ್ಕೆ ಎಂಬತ್ತೈದು ಪೈಸೆ ಬಡ್ಡಿ. ಇದು ಸರಳ ಬಡ್ಡಿ.

ಚಕ್ರಬಡ್ಡಿ ಲೆಕ್ಕಕ್ಕೆ ಒಂದು ಕಾಲಂ ಬೇಕು. ಕೈಯಿಂದ ಹೋದ ಹಣಕ್ಕೆ ಮೈನಸ್, ಬಂದ ಹಣಕ್ಕೆ ಪ್ಲಸ್. ಅಕ್ಕನ ಕಾಲಮ್ಮಿನಲ್ಲಿ 19 ಮೈನಸ್ ಇರುತ್ತೆ, ಕೊನೇ ಸೆಲ್‌ನಲ್ಲಿ 95,000 − 5,000 = 90,000. ಈ ಎಲ್ಲ ಹಣವನ್ನ ಒಂದೇ ದಿನದ ಬೆಲೆಗೆ ತಂದಾಗ ಕೂಡಿಸಿದ ಮೊತ್ತ ಸೊನ್ನೆ ಆಗೋ ದರ ಯಾವುದೋ ಅದೇ ನಿಜವಾದ ದರ. ಸ್ಪ್ರೆಡ್‌ಶೀಟ್‌ನಲ್ಲಿ `=IRR(B1:B20)` ಅಂತ ಹಾಕಿದ್ರೆ ಸಾಕು. ಒಳಗೆ ಏನಾಗುತ್ತೆ ಅಂತ ನೋಡಬೇಕಿದ್ರೆ ಬೈಸೆಕ್ಷನ್ ಬರೀರಿ:

```python
def npv(r, flows):
    return sum(f / (1 + r)**t for t, f in enumerate(flows))

def rate(flows, lo, hi):
    a = npv(lo, flows)
    for _ in range(60):
        mid = (lo + hi) / 2
        if (npv(mid, flows) > 0) == (a > 0):
            lo = mid
        else:
            hi = mid
    return lo

kantu = [5000] + [3750]*5 + [4250]*5 + [4650]*5 + [5000]*4

def chiti(month, amount):
    flows = [-k for k in kantu]
    flows[month - 1] += amount
    return flows

print(rate(chiti(20, 95000), 0, 0.1))
print(rate(chiti(3, 70000), 0, 0.1))
```

ಮೊದಲ ಸಾಲಿನ ಉತ್ತರ 0.00806. ತಿಂಗಳಿಗೆ 0.81 ಪರ್ಸೆಂಟ್, ವರ್ಷಕ್ಕೆ ಚಕ್ರಬಡ್ಡಿ ಸೇರಿ 10.1. ಅಂದ್ರೆ ಅಕ್ಕನ ಚೀಟಿ 25 ಪರ್ಸೆಂಟ್ ಚಿನ್ನದ ಮೊಟ್ಟೆಯೂ ಅಲ್ಲ, ನಾಲ್ಕೂವರೆಯ ದಂಡವೂ ಅಲ್ಲ. ಅದು ಒಂದು ಹತ್ತು ಪರ್ಸೆಂಟಿನ ಆರ್‌ಡಿ ಇದ್ದ ಹಾಗೆ. ಆದರೆ ಬ್ಯಾಂಕಿನ ಆರ್‌ಡಿ ಅಲ್ಲ. ಆ ವ್ಯತ್ಯಾಸಕ್ಕೆ ಆಮೇಲೆ ಬರ್ತೀನಿ.

ಫೀಸಿಗೆ ಎತ್ತಿದವರು

ಇದೇ ಚೀಟಿಯಲ್ಲಿ ಆಟೋ ಓಡಿಸೋ ಅಣ್ಣ ಇದ್ದಾರೆ. ಮಗಳ ಕಾಲೇಜ್ ಫೀಸು. ಮೂರನೇ ತಿಂಗಳು 30,000 ಬಿಟ್ಟುಕೊಟ್ಟು ಎತ್ತುತ್ತಾರೆ, ಕೈಗೆ 70,000. ಅವರೂ ಒಟ್ಟು ಕಟ್ಟೋದು 88,250. ಹೆಚ್ಚಿಗೆ ಹೋಗೋದು 18,250.

ಕೋಡಿನ ಎರಡನೇ ಸಾಲು ಅವರದ್ದು. ಉತ್ತರ ತಿಂಗಳಿಗೆ 3.17 ಪರ್ಸೆಂಟ್. ನಮ್ಮ ಕಡೆ ಬಡ್ಡಿಯನ್ನ ವರ್ಷದ ಲೆಕ್ಕದಲ್ಲಿ ಹೇಳಲ್ಲ, ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ ಅಂತ ಹೇಳ್ತಾರೆ. ಆ ಭಾಷೆಯಲ್ಲಿ ಇದು ಮೂರು ರೂಪಾಯಿ ಬಡ್ಡಿಗಿಂತ ಜಾಸ್ತಿ. ವರ್ಷಕ್ಕೆ ಚಕ್ರಬಡ್ಡಿ ಹಾಕಿದ್ರೆ 45 ಪರ್ಸೆಂಟ್. ಕೈಸಾಲ ಕೊಡೋರ ಹತ್ತಿರ ಮೂರು ರೂಪಾಯಿ ಬಡ್ಡಿಗೆ ಸಾಲ ತಗೊಳ್ಳೋಕೆ ಹಿಂದೆಮುಂದೆ ನೋಡೋ ಮನೆಗಳು ಚೀಟಿ ಎತ್ತೋವಾಗ ಹಿಂದೆಮುಂದೆ ನೋಡಲ್ಲ, ಯಾಕಂದ್ರೆ ಚೀಟಿ ಪುಸ್ತಕದಲ್ಲಿ "ಬಡ್ಡಿ" ಅನ್ನೋ ಕಾಲಂ ಇಲ್ಲ.

ಇಲ್ಲಿಗೆ ಲೇಖನ ಮುಗಿಸಿ "ಚೀಟಿ ಎತ್ತಬೇಡಿ" ಅಂತ ಹೇಳಿಬಿಡಬಹುದಿತ್ತು. ಇಂಟರ್‌ನೆಟ್ಟಲ್ಲಿ ಸಿಗೋ ಸಲಹೆಗಳು ಹೆಚ್ಚಾಗಿ ಅಲ್ಲೇ ನಿಲ್ಲುತ್ತೆ. ಆದರೆ ಆಟೋ ಅಣ್ಣನಿಗೆ ಆ 3.17 ನೇರವಾಗಿ ಉಪಯೋಗಕ್ಕೆ ಬರಲ್ಲ. ಅದು ಬೇರೆ ಪ್ರಶ್ನೆಯ ಉತ್ತರ.

ಎರಡು ಪ್ರಶ್ನೆಗಳು

3.17 ಉತ್ತರ ಕೊಡೋ ಪ್ರಶ್ನೆ ಹೀಗಿದೆ: "ಮೂರನೇ ತಿಂಗಳು ಎತ್ತೋ ಉದ್ದೇಶದಿಂದಲೇ ಈ ಚೀಟಿಗೆ ಸೇರಬೇಕಾ?" ಅದಕ್ಕೆ ಉತ್ತರ ಬೇಡ ಅಂತಲೇ. ಆದರೆ ಅಣ್ಣ ಮೂರನೇ ತಿಂಗಳಿನ ಹರಾಜಿನ ದಿನ ಕೇಳ್ತಿರೋ ಪ್ರಶ್ನೆ ಬೇರೆ: "ಚೀಟಿಗೆ ಈಗಾಗಲೇ ಸೇರಿ ಆಗಿದೆ. ಈಗ ಎತ್ತಲಾ, ಅಥವಾ ಬೇರೆ ಕಡೆ ಸಾಲ ಮಾಡಿ ಚೀಟಿಯನ್ನ ಬಿಡಲಾ?"

ಈ ಪ್ರಶ್ನೆಗೆ ಉತ್ತರ ತುಂಬ ಸುಲಭ. ಈಗ ಎತ್ತಿದ್ರೂ, ಕೊನೇಗೆ ಎತ್ತಿದ್ರೂ ಕಂತು ಅಷ್ಟೇ, ಅದೇ 88,250, ಅದೇ ತಾರೀಖುಗಳಲ್ಲಿ. ಎರಡು ಕಾಲಂ ಬರೆದು ಒಂದರಿಂದ ಇನ್ನೊಂದನ್ನ ಕಳೆದ್ರೆ ಎಲ್ಲ ಕಂತುಗಳೂ ರದ್ದಾಗಿ ಎರಡೇ ಅಂಕಿ ಉಳಿಯುತ್ತೆ. ಮೂರನೇ ತಿಂಗಳು ಬರೋ 70,000, ಮತ್ತು ಇಪ್ಪತ್ತನೇ ತಿಂಗಳು ಬಿಟ್ಟುಕೊಡಬೇಕಾದ 95,000. ಮಧ್ಯೆ 17 ತಿಂಗಳು. ಹಾಗಾದ್ರೆ ದರ:

`(95000/70000)^(1/17) - 1`

ಉತ್ತರ 0.0181, ತಿಂಗಳಿಗೆ ಒಂದು ರೂಪಾಯಿ ಎಂಬತ್ತು ಪೈಸೆ ಬಡ್ಡಿ. ವರ್ಷಕ್ಕೆ 24 ಪರ್ಸೆಂಟ್.

ಒಂದೇ ಚೀಟಿ, ಒಂದೇ ತಿಂಗಳು, ಒಂದೇ ಮನುಷ್ಯ. ಒಂದು ಕಡೆ 3.17, ಇನ್ನೊಂದು ಕಡೆ 1.81. ಯಾಕೆ? ಅಣ್ಣ ನಿಜವಾಗಿ ಒಟ್ಟಿಗೆ ಎರಡು ಕೆಲಸ ಮಾಡ್ತಿದ್ದಾರೆ. ಒಂದು ಕೈಯಲ್ಲಿ ಅಕ್ಕನ ಥರ ವರ್ಷಕ್ಕೆ ಹತ್ತು ಪರ್ಸೆಂಟಿಗೆ ತಿಂಗಳು ತಿಂಗಳು ಉಳಿತಾಯ ಮಾಡ್ತಿದ್ದಾರೆ. ಇನ್ನೊಂದು ಕೈಯಲ್ಲಿ 24ಕ್ಕೆ 70,000 ಸಾಲ ತಗೊಂಡಿದ್ದಾರೆ. ಉಳಿತಾಯ ಬೆಳೀತಾ ಹೋದ ಹಾಗೆ ಅವರ ಹತ್ತಿರ ನಿಜವಾಗಿ ಇರೋ "ಬೇರೆಯವರ ದುಡ್ಡು" ಕಮ್ಮಿ ಆಗ್ತಾ ಹೋಗುತ್ತೆ. ಆದರೆ ಹತ್ತಕ್ಕೂ ಇಪ್ಪತ್ನಾಲ್ಕಕ್ಕೂ ಇರೋ ಅಂತರದ ಭಾರ ಪೂರ್ತಿ ಆ ಚಿಕ್ಕ ಮೊತ್ತದ ಮೇಲೇ ಬೀಳುತ್ತೆ. ಅದಕ್ಕೇ ಒಟ್ಟು ನೋಡಿದಾಗ ದರ 45ಕ್ಕೆ ಏರಿರೋದು.

ಹಾಗಾಗಿ ನಾನು ಹೇಳೋದು: ಚೀಟಿಗೆ ಸೇರೋ ಮುಂಚೆ ಪೂರ್ತಿ ಕಾಲಂ ನೋಡಿ. ಸೇರಿ ಆದಮೇಲೆ, ಹರಾಜಿನ ದಿನ, ಎರಡು ಅಂಕಿ ಮಾತ್ರ ನೋಡಿ. ಈಗ ಎಷ್ಟು ಬರುತ್ತೆ, ಕೊನೇಗೆ ಎಷ್ಟು ಬರುತ್ತಿತ್ತು. ಕೊನೇದನ್ನೇ ಅಳತೆಗೋಲು ಮಾಡೋದಕ್ಕೆ ಕಾರಣ ಇದೆ. ಮಧ್ಯದ ತಿಂಗಳುಗಳಲ್ಲಿ ಕೂಗು ಎಲ್ಲಿಗೆ ನಿಲ್ಲುತ್ತೆ ಅಂತ ಯಾರಿಗೂ ಗೊತ್ತಿರಲ್ಲ. ಕೊನೇವರಿಗೆ ಕಮಿಷನ್ ಕಳೆದು ಮಿಕ್ಕಿದ್ದೆಲ್ಲ ಬರುತ್ತೆ ಅನ್ನೋದು ಮಾತ್ರ ಒಪ್ಪಂದದಲ್ಲೇ ಇರುತ್ತೆ.

ಈಗ ಅಣ್ಣನ ಮುಂದಿರೋ ದಾರಿಗಳನ್ನ ಹೋಲಿಸೋಣ. ಬೇಕಾಗಿರೋದು 70,000, ತೀರಿಸೋದು 17 ತಿಂಗಳ ನಂತರ ಚೀಟಿಯ 95,000ದಿಂದ. ಮನೆಯ ಒಡವೆ ಇಟ್ಟು ಒಂದು ರೂಪಾಯಿ ಬಡ್ಡಿಗೆ ಸಾಲ ಸಿಕ್ಕಿದ್ರೆ, ಬಡ್ಡಿ ಮೇಲೆ ಬಡ್ಡಿ ಸೇರಿಸಿದ್ರೂ 17 ತಿಂಗಳಿಗೆ 82,900 ಆಗುತ್ತೆ. 95,000 ಬಂದಾಗ ಅದನ್ನ ತೀರಿಸಿ 12,100 ಉಳಿಯುತ್ತೆ. ಕೈಸಾಲ ಎರಡು ರೂಪಾಯಿ ಬಡ್ಡಿಗೆ ಸಿಕ್ಕಿದ್ರೆ 98,000 ಆಗುತ್ತೆ, ಮೂರು ಸಾವಿರ ಕೈಯಿಂದ ಹಾಕಬೇಕು. ಅಂದ್ರೆ ಚೀಟಿ ಎತ್ತೋದೇ ಸ್ವಲ್ಪ ವಾಸಿ. ಮೂರು ರೂಪಾಯಿ ಬಡ್ಡಿ ಆದ್ರೆ 1,15,700. ಇಲ್ಲಿ ಕಣ್ಣು ಮುಚ್ಚಿ ಚೀಟಿ ಎತ್ತಬಹುದು.

ನೋಡಿ, 3.17 ನಂಬಿದ್ರೆ ಮೂರು ರೂಪಾಯಿ ಬಡ್ಡಿಯ ಕೈಸಾಲವೇ ಅಗ್ಗ ಅಂತ ಅನಿಸುತ್ತಿತ್ತು. ಆ ತಪ್ಪಿಗೆ ಬೆಲೆ 20,700 ರೂಪಾಯಿ. ಸರಿಯಾದ ಸೂತ್ರವನ್ನ ತಪ್ಪಾದ ಪ್ರಶ್ನೆಗೆ ಹಾಕಿದ್ರೂ ದುಡ್ಡು ಹೋಗುತ್ತೆ.

ದರವೇ ಇಲ್ಲದ ಮನುಷ್ಯ

ಚೀಟಿಯ ಮಧ್ಯದಲ್ಲಿ ಎತ್ತಿದವರದ್ದು ಇನ್ನೂ ವಿಚಿತ್ರ. ಟೈಲರ್ ಅಂಕಲ್ ಒಂಬತ್ತನೇ ತಿಂಗಳು ಎತ್ತುತ್ತಾರೆ, ಕೈಗೆ 80,000. ಅವರ ಕಾಲಂ ಬರೆದು `IRR` ಹಾಕಿದ್ರೆ ಸ್ಪ್ರೆಡ್‌ಶೀಟ್ `#NUM!` ಅಂತ ತೋರಿಸುತ್ತೆ. ಇದನ್ನ ನೋಡಿ ಎಷ್ಟೋ ಜನ ತಾವೇನೋ ತಪ್ಪು ಟೈಪ್ ಮಾಡಿದೀವಿ ಅಂತ ಹುಡುಕ್ತಾರೆ. ತಪ್ಪೇನೂ ಇಲ್ಲ. ಅವರಿಗೆ ದರ ಅನ್ನೋದೇ ಇಲ್ಲ.

ಕಾರಣ ಹೀಗಿದೆ. ಅಂಕಲ್ಲಿನ ಕಾಲಮ್ಮಿನಲ್ಲಿ ಮೊದಲು ಎಂಟು ಮೈನಸ್, ಆಮೇಲೆ ಒಂದು ಪ್ಲಸ್, ಆಮೇಲೆ ಹನ್ನೊಂದು ಮೈನಸ್. ಚಿಹ್ನೆ ಎರಡು ಸಲ ಬದಲಾಗುತ್ತೆ. ಮೊದಲ ಎಂಟು ತಿಂಗಳು ಅವರು ಸಾಲ ಕೊಟ್ಟವರು, ಆಮೇಲೆ ಸಾಲ ತಗೊಂಡವರು. ದರ ಜಾಸ್ತಿ ಇಟ್ಟಷ್ಟೂ ಮುಂದೆ ಕಟ್ಟೋ ಕಂತುಗಳ ಭಾರ ಕಮ್ಮಿ ಆಗುತ್ತೆ ನಿಜ, ಆದರೆ ಹಿಂದೆ ಕಟ್ಟಿದ ಕಂತುಗಳ ಬೆಲೆ ಅಷ್ಟೇ ವೇಗವಾಗಿ ಏರುತ್ತೆ. ಎಲ್ಲ ಕಂತುಗಳನ್ನೂ ಒಂಬತ್ತನೇ ತಿಂಗಳ ಬೆಲೆಗೆ ತಂದು ಕೂಡಿದ್ರೆ, ತಿಂಗಳಿಗೆ 6 ಪರ್ಸೆಂಟ್ ಹತ್ತಿರ ಆ ಮೊತ್ತ ಅತಿ ಕಮ್ಮಿ ಆಗುತ್ತೆ, ಸುಮಾರು 83,400. ಅದಕ್ಕಿಂತ ಕೆಳಗೆ ಇಳಿಯಲ್ಲ. ಸಿಕ್ಕಿದ್ದು 80,000. ಗ್ರಾಫ್ ಹಾಕಿದ್ರೆ ಗೆರೆ ಸೊನ್ನೆಯನ್ನ ಮುಟ್ಟೋದೇ ಇಲ್ಲ. ಕನ್ನಡದಲ್ಲಿ ಹೇಳಬೇಕು ಅಂದ್ರೆ, ದುಡ್ಡಿನ ಬೆಲೆ ಎಷ್ಟೇ ಇರಲಿ, ಒಂಬತ್ತನೇ ತಿಂಗಳು 80,000ಕ್ಕೆ ಎತ್ತೋ ಪ್ಲಾನ್ ಹಾಕಿಕೊಂಡು ಈ ಚೀಟಿಗೆ ಸೇರೋದು ಯಾವ ಲೆಕ್ಕದಲ್ಲೂ ಗಿಟ್ಟಲ್ಲ.

ಆಟೋ ಅಣ್ಣನ ಕಾಲಮ್ಮಿನಲ್ಲೂ ಚಿಹ್ನೆ ಎರಡು ಸಲ ಬದಲಾಗುತ್ತೆ. ಅಲ್ಲಿ ಇದರ ಉಲ್ಟಾ ಕಾಟ. ಒಂದಲ್ಲ, ಎರಡು ಉತ್ತರ ಇದೆ. ಒಂದು 3.17, ಇನ್ನೊಂದು ತಿಂಗಳಿಗೆ 224 ಪರ್ಸೆಂಟ್ ಹತ್ತಿರ. ಕೋಡಿನಲ್ಲಿ ನಾನು 0 ಮತ್ತು 0.1ರ ಮಧ್ಯೆ ಮಾತ್ರ ಹುಡುಕಿದ್ದು ಇದಕ್ಕೇ. ಸ್ಪ್ರೆಡ್‌ಶೀಟ್‌ನಲ್ಲಾದ್ರೆ `=IRR(B1:B20, 0.01)` ಅಂತ ಆರಂಭದ ಊಹೆಯನ್ನ ಸಣ್ಣದಾಗಿ ಕೊಡಿ. ಬಂದ ಉತ್ತರವನ್ನ ಕಣ್ಣಲ್ಲಿ ನೋಡಿ, ನಂಬೋ ಹಾಗಿದೆಯಾ ಅಂತ ಯೋಚನೆ ಮಾಡಿ.

ಟೈಲರ್ ಅಂಕಲ್‌ಗೆ ದಾರಿ ಏನು? ಅದೇ ಎರಡು ಅಂಕಿಯ ಲೆಕ್ಕ. ಈಗ 80,000, ಹನ್ನೊಂದು ತಿಂಗಳ ನಂತರ 95,000. ತಿಂಗಳಿಗೆ 1.57. ಅವರಿಗೂ ಅದಕ್ಕಿಂತ ಅಗ್ಗದ ಸಾಲ ಸಿಗುತ್ತೋ ಇಲ್ಲವೋ ಅನ್ನೋದಷ್ಟೇ ಪ್ರಶ್ನೆ. ಈ ಲೆಕ್ಕದಲ್ಲಿ ಚಿಹ್ನೆ ಒಂದೇ ಸಲ ಬದಲಾಗೋದ್ರಿಂದ ಉತ್ತರ ಯಾವಾಗಲೂ ಇರುತ್ತೆ, ಒಂದೇ ಇರುತ್ತೆ. ಕ್ಯಾಲ್ಕುಲೇಟರಲ್ಲೂ ಆಗುತ್ತೆ.

ಕಾಲಮ್ಮಿನಲ್ಲಿ ಬರದೇ ಇರೋದು

ಈ ಲೆಕ್ಕ ಕೆಟ್ಟು ಹೋಗೋದು ಎರಡು ಕಡೆ.

ಒಂದು, ತಾರೀಖು. ಹರಾಜು ಗೆದ್ದ ದಿನ ದುಡ್ಡು ಕೈಗೆ ಬರಲ್ಲ. ಮುಂದಿನ ಕಂತುಗಳಿಗೆ ಜಾಮೀನು ಕೊಡಬೇಕು, ಸಹಿ ಹಾಕೋ ಜಾಮೀನುದಾರರನ್ನ ಹುಡುಕಬೇಕು. ಅಣ್ಣನಿಗೆ 70,000 ಒಂದು ತಿಂಗಳು ತಡವಾಗಿ ಬಂದ್ರೆ ಮಧ್ಯದ ಅವಧಿ 16 ತಿಂಗಳಾಗಿ 1.81 ಇದ್ದಿದ್ದು 1.93 ಆಗುತ್ತೆ. ಅಷ್ಟರಲ್ಲಿ ಫೀಸಿನ ಕೊನೇ ದಿನವೂ ದಾಟಿರುತ್ತೆ. ಹಾಗಾಗಿ ಕಾಲಮ್ಮಿನಲ್ಲಿ ಹರಾಜಿನ ತಾರೀಖು ಬೇಡ, ಖಾತೆಗೆ ದುಡ್ಡು ಬಿದ್ದ ತಾರೀಖು ಬರೀರಿ. ತಾರೀಖುಗಳು ಏರುಪೇರಾಗಿದ್ರೆ `XIRR` ಉಪಯೋಗಿಸಿ. ಅದು ನೇರವಾಗಿ ವರ್ಷದ ದರ ಕೊಡುತ್ತೆ, ಅದನ್ನ ಮತ್ತೆ 12ರಿಂದ ಗುಣಿಸಬೇಡಿ.

ಎರಡು, ಚೀಟಿ ನಡೆಸೋರು ಓಡಿಹೋದ್ರೆ. ಅಕ್ಕನ 10.1 ಪರ್ಸೆಂಟ್ ಚೀಟಿ 20 ತಿಂಗಳೂ ನಡೆದರೆ ಮಾತ್ರ. ಹದಿನೈದನೇ ತಿಂಗಳು ಚೀಟಿ ಮುರಿದುಬಿತ್ತು ಅಂದುಕೊಳ್ಳಿ. ಅಷ್ಟರಲ್ಲಿ ಅಕ್ಕ ಕಟ್ಟಿರೋದು 63,600. ಕೊನೇಗೆ ಸಿಗೋ ಲಾಭ 6,750. ಅಂದ್ರೆ ಆರೂಮುಕ್ಕಾಲು ಸಾವಿರಕ್ಕಾಗಿ ಅರವತ್ಮೂರು ಸಾವಿರ ಪಣಕ್ಕಿಟ್ಟಿದ್ದಾರೆ. ಈಗಾಗಲೇ ಎತ್ತಿದವರಿಗೆ ಈ ಭಯ ಇಲ್ಲ, ಅವರ ದುಡ್ಡು ಬಂದಾಗಿದೆ. ಚೀಟಿ ಮುರಿದಾಗ ಅಳೋರು ಯಾವಾಗಲೂ ತಾಳ್ಮೆಯಿಂದ ಕಾದವರೇ. ಬ್ಯಾಂಕಿನ ಆರ್‌ಡಿಗಿಂತ ಚೀಟಿ ಎಷ್ಟು ಜಾಸ್ತಿ ಕೊಡುತ್ತೋ ಅದು ಪೂರ್ತಿ ಲಾಭ ಅಲ್ಲ, ಅದರಲ್ಲಿ ಒಂದು ಪಾಲು ಈ ಅಪಾಯದ ಕೂಲಿ.

ಇದೇ ಕಾರಣಕ್ಕೆ ಚೀಟಿ ನೋಂದಣಿ ಆಗಿದೆಯಾ ಅನ್ನೋದು ಲೆಕ್ಕದ ಭಾಗವೇ. ಚಿಟ್ ಫಂಡ್ಸ್ ಕಾಯ್ದೆ 1982ರದ್ದು. ಅದರ ಪ್ರಕಾರ ಚೀಟಿ ಶುರು ಮಾಡೋ ಮುಂಚೆ ಸರ್ಕಾರದ ಅನುಮತಿ ಬೇಕು, ಒಪ್ಪಂದವನ್ನ ಚೀಟಿಗಳ ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಬೇಕು, ಚೀಟಿ ನಡೆಸೋರು ಭದ್ರತೆ ಇಡಬೇಕು. ಕಮಿಷನ್ನಿಗೂ ಮಿತಿ ಇದೆ. ಮೊದಲು 5 ಪರ್ಸೆಂಟ್ ಇತ್ತು, 2019ರ ತಿದ್ದುಪಡಿಯಲ್ಲಿ 7 ಆಯ್ತು. ಕರ್ನಾಟಕ ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತೆ. ಬೀದಿಯಲ್ಲಿ ಪರಿಚಯದ ಮೇಲೆ ನಡೆಯೋ ಚೀಟಿಗೆ ಇದ್ಯಾವುದೂ ಇಲ್ಲ. ಇರೋದು ಒಂದು ನೋಟ್ ಬುಕ್ ಮತ್ತು ನಂಬಿಕೆ.

ಈ ಅಪಾಯ ಆಟೋ ಅಣ್ಣನ ಲೆಕ್ಕಕ್ಕೂ ತಾಗುತ್ತೆ. ಒಡವೆ ಇಟ್ಟು ಚೀಟಿ ಬಿಡೋದ್ರಿಂದ 12,100 ಉಳಿಯುತ್ತೆ ಅಂದ್ನಲ್ಲ, ಅದು ಕೊನೇಗೆ 95,000 ಬಂದ್ರೆ ಮಾತ್ರ. ನೋಂದಣಿ ಆಗಿರೋ ಚೀಟಿ ಆದ್ರೆ ನಾನು ಕಾಯೋಕೆ ಹೇಳ್ತೀನಿ. ನೋಟ್ ಬುಕ್ ಚೀಟಿ, ನಡೆಸೋರು ಈಗಾಗಲೇ ಲಾಭ ಹಂಚೋದು ತಡ ಮಾಡ್ತಿದ್ದಾರೆ, ಎತ್ತಿದವರಿಗೆ ದುಡ್ಡು ಕೊಡೋಕೆ "ಮುಂದಿನ ವಾರ" ಅಂತಿದ್ದಾರೆ ಅಂದ್ರೆ, 30,000 ಬಿಟ್ಟುಕೊಟ್ಟಾದ್ರೂ ಎತ್ತೋದೇ ಜಾಣತನ ಇರಬಹುದು. ಇದನ್ನ ಯಾವ ಸೂತ್ರವೂ ಹೇಳಲ್ಲ, ಪುಸ್ತಕದಲ್ಲಿ ಕಳೆದ ಐದಾರು ತಿಂಗಳ ತಾರೀಖುಗಳನ್ನ ನೋಡಿದ್ರೆ ಗೊತ್ತಾಗುತ್ತೆ.

ಚೀಟಿಯನ್ನ ಬೈಯೋದು ಸುಲಭ, ಹೊಗಳೋದೂ ಸುಲಭ. ಸಂಬಳದ ಚೀಟಿ, ಐಟಿ ರಿಟರ್ನ್ ಇಲ್ಲದ ಮನೆಗೆ ಒಂದು ಲಕ್ಷ ಒಟ್ಟಿಗೆ ಸಿಗೋ ದಾರಿಗಳು ಕಮ್ಮಿ. ಅಂಥವರಿಗೆ ತಿಂಗಳಿಗೆ 1.81 ಅನ್ನೋದು ಮೂರು ರೂಪಾಯಿ ಬಡ್ಡಿಯಿಂದ ತಪ್ಪಿಸಿಕೊಳ್ಳೋ ಬಾಗಿಲು. ಆದರೆ ಬೀರುವಿನಲ್ಲಿ ಒಡವೆ ಇದ್ದೂ, ಬ್ಯಾಂಕ್ ಹತ್ತಿರದಲ್ಲೇ ಇದ್ದೂ, "ಚೀಟಿಗೆ ಬಡ್ಡಿ ಇಲ್ಲ" ಅಂತ ಎತ್ತೋದು ಹನ್ನೆರಡು ಸಾವಿರ ರೂಪಾಯಿಯ ತಪ್ಪು ತಿಳುವಳಿಕೆ. ಮುಂದಿನ ಸೆಮಿಸ್ಟರ್ ಫೀಸಿಗೆ ಇನ್ನೂ ಟೈಮ್ ಇದೆ. ಅಮ್ಮನ ಹತ್ತಿರ ಚೀಟಿ ಪುಸ್ತಕ ಕೇಳಿ ತಗೊಂಡು, ಕಂತು ಮತ್ತು ತಾರೀಖು ನೋಡಿ ಕಾಲಂ ತುಂಬಿಸಿ ಇಡಿ. ಹರಾಜಿನ ದಿನ ಬೇಕಾಗೋದು ಎರಡೇ ಅಂಕಿ.